ಆರು ಸಾಲಿನ ನೋಟಿಸು, ಹದಿನೈದು ದಿನದ ಗಡುವು

ಬನ್ನೇರುಘಟ್ಟ ರಸ್ತೆಯಿಂದ ಬಿಳೇಕಹಳ್ಳಿಯ ಒಳಗೆ ತಿರುಗಿದರೆ ರಸ್ತೆ ಕಿರಿದಾಗುತ್ತಾ ಹೋಗುತ್ತದೆ, ಕಟ್ಟಡಗಳು ಒತ್ತೊತ್ತಾಗುತ್ತವೆ. ನೆಲಮಹಡಿಯಲ್ಲಿ ಬೇಕರಿ, ಕಾಂಡಿಮೆಂಟ್ಸ್, ಜೆರಾಕ್ಸ್ ಅಂಗಡಿ. ಮೇಲಿನ ಎರಡು ಮೂರು ಮಹಡಿಗಳಲ್ಲಿ ಪಿಜಿ ಅಥವಾ ಬಾಡಿಗೆ ಮನೆಗಳು. ಪಕ್ಕದಲ್ಲಿ ಒಂದು ಸಣ್ಣ ಗೇಟು, ಅದರೊಳಗೆ ಮೇಲಿನವರೆಲ್ಲ ಹತ್ತಿ ಇಳಿಯುವ ಒಂದೇ ಮೆಟ್ಟಿಲು. ಇಂಥ ಕಟ್ಟಡದ ಒಂದು ಬೇಕರಿಗೆ ಅಗ್ನಿ ಸುರಕ್ಷತೆಯ ನೋಟಿಸು ಬಂದಿದೆ ಎಂದಿಟ್ಟುಕೊಳ್ಳೋಣ. ಇದು ಯಾವುದೋ ಒಂದು ನಿರ್ದಿಷ್ಟ ಅಂಗಡಿಯ ಕಥೆಯಲ್ಲ. ಈ ಭಾಗದ ಹಲವು ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಕಾಣುವುದನ್ನು ಒಂದೇ ಕಡೆ ಸೇರಿಸಿಕೊಂಡ ಉದಾಹರಣೆ.

ನೋಟಿಸಿನಲ್ಲಿ ಆರು ಸಾಲುಗಳಿವೆ. ಸಾಮಾನ್ಯ ಮೆಟ್ಟಿಲಿನಲ್ಲಿ ಸರಕು ದಾಸ್ತಾನು. ಮೆಟ್ಟಿಲ ಕೆಳಗೆ ಎಲ್‌ಪಿಜಿ ಸಿಲಿಂಡರ್, ಅದರಲ್ಲೂ ಮನೆ ಬಳಕೆಯವು. ಹಿಂಬಾಗಿಲಿಗೆ ಬೀಗ. ಅವಧಿ ಮೀರಿದ ಅಗ್ನಿನಂದಕ. ಅಸುರಕ್ಷಿತ ವಿದ್ಯುತ್ ಜೋಡಣೆ. ಸಿಬ್ಬಂದಿಗೆ ತರಬೇತಿ ಇಲ್ಲ. ಕೊನೆಗೆ, ಈ ನ್ಯೂನತೆಗಳನ್ನು ಹದಿನೈದು ದಿನಗಳಲ್ಲಿ ಸರಿಪಡಿಸಿ ಅನುಪಾಲನಾ ವರದಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಉದ್ದಿಮೆ ಪರವಾನಗಿ ಅಮಾನತು ಸೇರಿದಂತೆ ಕ್ರಮ ಜರುಗಿಸಲಾಗುವುದು ಎಂಬ ಒಕ್ಕಣೆ.

ಬೇಕರಿಯವರು ಮೊದಲು ಹುಡುಕುವುದು ದಂಡದ ಮೊತ್ತವನ್ನು. ಅದು ಸಿಗುವುದಿಲ್ಲ. ಆಮೇಲೆ ಪರಿಚಯದವರಿಗೆ ಫೋನ್ ಮಾಡಿ ಕೇಳುತ್ತಾರೆ: “ಅಣ್ಣಾ, ಈ ಫೈರ್ ಎನ್‌ಒಸಿ ಎಲ್ಲಿ ಮಾಡಿಸೋದು, ಎಷ್ಟಾಗುತ್ತೆ?”

ದಾರಿ ತಪ್ಪುವುದು ಈ ಪ್ರಶ್ನೆಯಲ್ಲೇ. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ವ್ಯವಸ್ಥೆ ಮುಖ್ಯವಾಗಿ ಎತ್ತರದ ಕಟ್ಟಡಗಳಿಗಾಗಿ ಇರುವುದು. ಅದು ಇಡೀ ಕಟ್ಟಡದ ಯೋಜನೆಗೆ ಸಂಬಂಧಿಸಿದ ಕಾಗದ, ನೆಲಮಹಡಿಯ ಒಂದು ಮಳಿಗೆ ತಾನಾಗಿ ಹೋಗಿ ತರುವಂಥದ್ದಲ್ಲ. ನೋಟಿಸಿನ ಆರು ಸಾಲುಗಳಲ್ಲಿ ಎಲ್ಲಿಯೂ ಎನ್‌ಒಸಿ ತನ್ನಿ ಎಂದು ಬರೆದಿಲ್ಲ. ಮೂಟೆ ತೆಗೆಯಿರಿ, ಸಿಲಿಂಡರ್ ಸರಿಸಿ, ಬೀಗ ಬಿಚ್ಚಿ, ವೈರಿಂಗ್ ಸರಿಮಾಡಿಸಿ ಎಂದಿದೆ. ಯಾರೋ ಮಧ್ಯವರ್ತಿಗೆ ದುಡ್ಡು ಕೊಟ್ಟು ಪ್ರಮಾಣಪತ್ರ ತರಿಸಿ ಗೋಡೆಗೆ ಹಾಕಿದರೂ ಮೂಟೆ ಮೆಟ್ಟಿಲ ಮೇಲೆಯೇ ಇರುತ್ತದೆ. ಮರುಪರಿಶೀಲನೆಗೆ ಬಂದವರು ನೋಡುವುದು ಆ ಮೂಟೆಯನ್ನು.

ಇಂಥ ನೋಟಿಸುಗಳು ಬೆಂಗಳೂರಿನಲ್ಲಿ ಒಮ್ಮೆಲೇ ಹೆಚ್ಚಾದದ್ದಕ್ಕೆ ಹಿನ್ನೆಲೆಯಿದೆ. 2023ರ ಅಕ್ಟೋಬರ್ 18ರಂದು ಕೋರಮಂಗಲದ ತಾವರೆಕೆರೆ ಮುಖ್ಯರಸ್ತೆಯ ಕಟ್ಟಡವೊಂದರ ಮೇಲ್ಮಹಡಿಯಲ್ಲಿದ್ದ ಮಡ್‌ಪೈಪ್ ಕೆಫೆಗೆ ಬೆಂಕಿ ಬಿತ್ತು. ಅಡುಗೆ ಅನಿಲದ ಸಿಲಿಂಡರುಗಳು ಸಿಡಿದವು. ಬೆಂಕಿಯಿಂದ ತಪ್ಪಿಸಿಕೊಳ್ಳಲು ಒಬ್ಬರು ಮೇಲಿನಿಂದಲೇ ಕೆಳಕ್ಕೆ ಹಾರಿದ ದೃಶ್ಯವನ್ನು ಊರೆಲ್ಲ ನೋಡಿತು. ಅದಕ್ಕೆ ಹನ್ನೊಂದು ದಿನ ಮೊದಲಷ್ಟೇ ಅತ್ತಿಬೆಲೆಯ ಪಟಾಕಿ ಮಳಿಗೆಯ ದುರಂತ ನಡೆದಿತ್ತು. ಆ ನಂತರ ಬಿಬಿಎಂಪಿ ನಗರದ ಹೋಟೆಲು, ಪಬ್ಬು, ಕೆಫೆಗಳನ್ನು ತಪಾಸಣೆ ಮಾಡಿ ನೋಟಿಸು ಕೊಟ್ಟಿತು, ಕೆಲವನ್ನು ಮುಚ್ಚಿಸಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದಿವೆ. ಹಾಗಾಗಿ ಇಂಥ ನೋಟಿಸು ಬಂದರೆ ಮೊದಲು ತಲೆಬರಹ ನೋಡಬೇಕು: ಕಳಿಸಿದ್ದು ಪರವಾನಗಿ ಕೊಡುವ ಪಾಲಿಕೆಯೋ, ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯೋ? ಉತ್ತರ ಹೋಗಬೇಕಾದದ್ದು ಸಹಿ ಮಾಡಿದ ಅಧಿಕಾರಿಯ ಕಚೇರಿಗೆ. ಅಗ್ನಿಶಾಮಕ ಠಾಣೆಗೆ ಕೊಟ್ಟ ಉತ್ತರವನ್ನು ಪಾಲಿಕೆಯ ಆರೋಗ್ಯಾಧಿಕಾರಿ ನೋಡಿರುತ್ತಾರೆ ಎಂದು ನಂಬಿ ಕೂರುವಂತಿಲ್ಲ.

ಈಗ ಮೊದಲನೇ ಸಾಲು, ಮೆಟ್ಟಿಲು. ಅಂಗಡಿಯವರಿಗೆ ಅತ್ಯಂತ ಹಗುರವಾಗಿ ಕಾಣುವ ತಪ್ಪು ಇದೇ. “ನಾಲ್ಕು ಮೂಟೆ ಮೈದಾ, ಒಂದಷ್ಟು ಖಾಲಿ ಟ್ರೇ, ರಟ್ಟಿನ ಡಬ್ಬ. ಓಡಾಡೋಕೆ ಜಾಗ ಇದೆಯಲ್ಲಾ ಸಾರ್” ಎನ್ನುತ್ತಾರೆ. ಹಗಲು ಹೊತ್ತಿನಲ್ಲಿ, ದೀಪ ಉರಿಯುತ್ತಿರುವಾಗ, ಒಬ್ಬೊಬ್ಬರೇ ಇಳಿಯುವಾಗ ಜಾಗವಿದೆ ನಿಜ. ಹೊರಹೋಗುವ ಬಾಗಿಲು ಕನಿಷ್ಠ ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರ ಇರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಹಳೆಯ ಕಟ್ಟಡಗಳ ಮೆಟ್ಟಿಲೇ ಮೂರಡಿ ಚಿಲ್ಲರೆ ಇರುತ್ತದೆ. ಅದರಲ್ಲಿ ಒಂದೂವರೆ ಅಡಿಯನ್ನು ಮೂಟೆ ನುಂಗಿದರೆ ಉಳಿಯುವುದು ಒಬ್ಬರು ಓರೆಯಾಗಿ ಇಳಿಯುವಷ್ಟು ಜಾಗ.

ಇನ್ನೊಂದು ವಿಷಯವನ್ನು ಅಂಗಡಿಯವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಬೆಂಕಿ ಬಿದ್ದಾಗ ಹೊಗೆ ಮೇಲಕ್ಕೆ ಏರುತ್ತದೆ, ಏರಲು ತೆರೆದ ದಾರಿಯನ್ನು ಹುಡುಕುತ್ತದೆ. ಮೂರು ಮಹಡಿಯ ಕಟ್ಟಡದಲ್ಲಿ ಅಂಥ ದಾರಿ ಮೆಟ್ಟಿಲೇ. ಅಂದರೆ ಜನ ಇಳಿಯಬೇಕಾದ ಕೊಳವೆಯೂ ಹೊಗೆ ಏರುವ ಕೊಳವೆಯೂ ಒಂದೇ. ಆ ಕೊಳವೆಯ ಬುಡದಲ್ಲಿ ರಟ್ಟು ಮತ್ತು ಪ್ಲಾಸ್ಟಿಕ್ ಟ್ರೇ ಇಟ್ಟರೆ ಚಿಮಣಿಯ ಕೆಳಗೆ ಸೌದೆ ಒಟ್ಟಿದಂತೆ. 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಅಲ್ಲಿ ಜನರನ್ನು ಸಿಕ್ಕಿಸಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ, ಮತ್ತು ಬೀಗ ಬಿದ್ದಿದ್ದ ದಾರಿ. 2025ರ ಆಗಸ್ಟ್ 16ರಂದು ನಗರ್ತಪೇಟೆಯಲ್ಲಿ ಕೆಳಗೆ ಪ್ಲಾಸ್ಟಿಕ್ ಮ್ಯಾಟ್‌ಗಳ ದಾಸ್ತಾನು, ಮೇಲೆ ಮನೆಗಳಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಐವರು ಪ್ರಾಣ ಕಳೆದುಕೊಂಡರು. ಬೇಕರಿಯ ಮೇಲೆ ಪಿಜಿ ಇರುವ ಬಿಳೇಕಹಳ್ಳಿಯ ಕಟ್ಟಡಕ್ಕೂ ನಗರ್ತಪೇಟೆಯ ಆ ಕಟ್ಟಡಕ್ಕೂ ವಿನ್ಯಾಸದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಅದಕ್ಕಾಗಿಯೇ ಈ ಸಾಲು ನೋಟಿಸಿನಲ್ಲಿ ಮೊದಲು ಬರುತ್ತದೆ.

ಮೂರನೇ ಸಾಲಿನ ಹಿಂಬಾಗಿಲಿನ ಬೀಗವೂ ಇದೇ ಮಾತಿಗೆ ಸೇರಿದ್ದು. ಕಳ್ಳರ ಭಯಕ್ಕೆ ಬೀಗ ಹಾಕಿರುತ್ತಾರೆ, ಆ ಭಯ ಸುಳ್ಳಲ್ಲ. ಆದರೆ ಒಳಗೆ ಜನ ಇರುವಷ್ಟು ಹೊತ್ತು ಕೀಲಿಯಿಲ್ಲದೆ ಒಳಗಿನಿಂದ ತೆರೆಯುವಂತಿರಬೇಕು. ಚಿಲಕ ಸಾಕು, ಬೀಗ ಬೇಡ. ಬೇಕರಿಯ ಹುಡುಗರು ರಾತ್ರಿ ಅಂಗಡಿಯಲ್ಲೇ ಮಲಗುವ ರೂಢಿಯಿದ್ದರೆ, ಹೊರಗಿನಿಂದ ಶಟರ್ ಎಳೆದು ಬೀಗ ಹಾಕಿಕೊಂಡು ಹೋಗುವುದು ಎಲ್ಲಕ್ಕಿಂತ ಅಪಾಯದ ಕೆಲಸ. 2021ರ ಸೆಪ್ಟೆಂಬರ್ 21ರಂದು, ಬಿಳೇಕಹಳ್ಳಿಗೆ ಹತ್ತಿರದ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದು ಇಬ್ಬರು ಮಹಿಳೆಯರು ಸತ್ತಾಗ, ಬಾಲ್ಕನಿಗೆ ಭದ್ರತೆಗೆಂದು ಹಾಕಿಸಿದ್ದ ಗ್ರಿಲ್ಲೇ ಹೊರಬರಲು ಬಿಡಲಿಲ್ಲ. ಈ ಭಾಗದ ಅಂಗಡಿಯವರಲ್ಲಿ ಹಲವರು ಆ ದಿನದ ಹೊಗೆಯನ್ನು ಕಣ್ಣಾರೆ ಕಂಡವರು.

ಎರಡನೇ ಸಾಲು ಸಿಲಿಂಡರ್. ಇಲ್ಲಿ ಎರಡು ಬೇರೆ ಬೇರೆ ತಪ್ಪುಗಳು ಒಂದೇ ವಾಕ್ಯದಲ್ಲಿ ಸೇರಿಕೊಂಡಿವೆ, ಬಿಡಿಸಿ ಓದಿಕೊಳ್ಳಬೇಕು. ಮೊದಲನೆಯದು, 14.2 ಕೆ.ಜಿ.ಯ ಮನೆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು. ಅದು ಅಡುಗೆ ಅನಿಲ ಪೂರೈಕೆಯ ನಿಯಮದ ಉಲ್ಲಂಘನೆ. ವ್ಯಾಪಾರಕ್ಕೆ 19 ಕೆ.ಜಿ.ಯಂಥ ವಾಣಿಜ್ಯ ಸಿಲಿಂಡರೇ ಬೇಕು, ಅಂಗಡಿಯ ಹೆಸರಿನ ಸಂಪರ್ಕದೊಂದಿಗೆ. ಎರಡನೆಯದು ಇಡುವ ಜಾಗ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿಹೋಗುವುದಿಲ್ಲ, ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೆಟ್ಟಿಲ ಕೆಳಗಿನ ಗೂಡು ಎಂದರೆ ಮೂರು ಕಡೆ ಗೋಡೆ, ಗಾಳಿಯಾಡದ ಮೂಲೆ; ಸೋರಿದ ಅನಿಲ ಕೂಡಿ ನಿಲ್ಲಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಹಳ ಕಟ್ಟಡಗಳಲ್ಲಿ ಅದೇ ಗೂಡಿನಲ್ಲಿ ಬೆಸ್ಕಾಂ ಮೀಟರುಗಳೂ ಇರುತ್ತವೆ. ಒಂದು ಕಿಡಿ ಸಾಕು.

ಎಷ್ಟು ಇಡಬಹುದು ಎಂಬ ಲೆಕ್ಕವೂ ಇದೆ. 2016ರ ಅನಿಲ ಸಿಲಿಂಡರ್ ನಿಯಮಗಳ ಪ್ರಕಾರ ಪ್ರತ್ಯೇಕ ದಾಸ್ತಾನು ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಎಲ್‌ಪಿಜಿ 100 ಕೆ.ಜಿ.ವರೆಗೆ. 19 ಕೆ.ಜಿ.ಯ ಐದು ಸಿಲಿಂಡರ್ ಸೇರಿದರೆ 95 ಕೆ.ಜಿ. ಆರನೆಯದು ಬಂದ ಕೂಡಲೇ 114 ಆಗಿ ಮಿತಿ ದಾಟುತ್ತದೆ. ಹಬ್ಬದ ಸಮಯದಲ್ಲಿ ಖಾಲಿಯಾದೀತೆಂದು ಮುಂಚೆಯೇ ಒಂದೆರಡು ಹೆಚ್ಚು ತರಿಸುವ ಅಂಗಡಿಗಳು ಸಿಕ್ಕಿಬೀಳುವುದು ಇಲ್ಲಿ. ಮಿತಿಯೊಳಗಿದ್ದ ಮಾತ್ರಕ್ಕೆ ಎಲ್ಲಿ ಬೇಕಾದರೂ ಇಡಬಹುದು ಎಂದೂ ಅಲ್ಲ. ಮೆಟ್ಟಿಲ ಕೆಳಗೆ ಒಂದೇ ಒಂದು ಇದ್ದರೂ ಅದು ತಪ್ಪೇ. ಗಾಳಿ ಆಡುವ, ನೆಲದ ಮಟ್ಟದ, ಒಲೆ ಮತ್ತು ಸ್ವಿಚ್ಚುಗಳಿಂದ ದೂರದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಜೊತೆಗೆ ರಬ್ಬರ್ ಟ್ಯೂಬನ್ನೂ ಒಮ್ಮೆ ನೋಡಬೇಕು. ಒಳ್ಳೆಯ ಟ್ಯೂಬಿನ ಮೇಲೆ ಐಎಸ್‌ಐ ಗುರುತು, ತಯಾರಾದ ವರ್ಷ ಅಚ್ಚಾಗಿರುತ್ತದೆ. ಐದು ವರ್ಷ ಮೀರಿದ್ದರೆ, ಬಿರುಕು ಕಾಣದಿದ್ದರೂ, ಬದಲಿಸಬೇಕು.

ಅಗ್ನಿನಂದಕದ ಸಾಲು ಸುಲಭ. ಸುಲಭವಾದ್ದರಿಂದಲೇ ಅಂಗಡಿಯವರು ಇದೊಂದನ್ನೇ ಮಾಡಿ ಕೈತೊಳೆದುಕೊಳ್ಳುತ್ತಾರೆ. ಮುಳ್ಳು ಹಸಿರು ಭಾಗದಲ್ಲಿದೆಯೇ, ಪಿನ್ನು ಮತ್ತು ಸೀಲು ಸರಿ ಇವೆಯೇ, ಮುಂದಿನ ರೀಫಿಲ್ ದಿನಾಂಕ ಚೀಟಿಯಲ್ಲಿದೆಯೇ, ಇಷ್ಟು ಸಾಕು. ಬೇಕರಿಗೆ ಐಎಸ್‌ಐ ಗುರುತಿನ ಎಬಿಸಿ ಪುಡಿಯ ಸಿಲಿಂಡರನ್ನು ಒಲೆಯ ಪಕ್ಕದಲ್ಲಲ್ಲ, ಬಾಗಿಲಿನ ಕಡೆಗೆ ತೂಗುಹಾಕಬೇಕು. ಒಲೆಯಲ್ಲೇ ಬೆಂಕಿ ಎದ್ದರೆ ಒಲೆಯ ಪಕ್ಕದ ಸಿಲಿಂಡರಿಗೆ ಕೈ ಹೋಗುವುದಿಲ್ಲ. ಸಣ್ಣ ಸಿಲಿಂಡರಿನ ಪುಡಿ ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ ಎಂಬುದೂ ಗೊತ್ತಿರಬೇಕು. ಆರನೇ ಸಾಲಿನ ತರಬೇತಿ ಎಂದರೆ ಮುಖ್ಯವಾಗಿ ಇದೇ: ಪಿನ್ನು ಎಳೆಯುವುದು, ಬೆಂಕಿಯ ಬುಡಕ್ಕೆ ಹಿಡಿಯುವುದು, ಬಾಗಿಲನ್ನು ಬೆನ್ನಹಿಂದೆ ಇಟ್ಟುಕೊಳ್ಳುವುದು. ಬಜ್ಜಿಗೆಂದು ಇಟ್ಟ ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬಾರದು. ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಬೇಕು. ಆರದಿದ್ದರೆ ಹೊರಗೆ ಬಂದು, ಮೇಲಿನವರನ್ನು ಕೂಗಿ ಕರೆದು, 101 ಅಥವಾ 112ಕ್ಕೆ ಫೋನ್ ಮಾಡಬೇಕು.

ಹೆಚ್ಚು ಸಮಯ ಬೇಡುವುದು ಐದನೇ ಸಾಲು, ವಿದ್ಯುತ್ತು. “ಎಂಸಿಬಿ ಇದೆಯಲ್ಲಾ ಸಾರ್, ಹೆಚ್ಚಾದರೆ ತಾನೇ ಬಿದ್ದುಹೋಗುತ್ತೆ” ಎಂಬ ನಂಬಿಕೆ ಬಹಳ ಅಂಗಡಿಗಳಲ್ಲಿದೆ. ಲೆಕ್ಕ ಹಾಕಿ ನೋಡೋಣ. ಗಲ್ಲಾದ ಪಕ್ಕದಲ್ಲಿ ಒಂದು ಸಾಮಾನ್ಯ ಎಕ್ಸ್‌ಟೆನ್ಷನ್ ಬಾಕ್ಸ್ ಇದೆ. ಅದು 6 ಆಂಪಿಯರಿನದು. 230 ವೋಲ್ಟಿಗೆ 6 ಆಂಪಿಯರ್ ಎಂದರೆ ಸುಮಾರು 1,380 ವಾಟ್. ಅದಕ್ಕೆ 1,500 ವಾಟಿನ ಸಣ್ಣ ಓವನ್ ಮತ್ತು 1,500 ವಾಟಿನ ನೀರು ಕಾಯಿಸುವ ಕೆಟಲ್ ಎರಡನ್ನೂ ಸಿಕ್ಕಿಸಿದ್ದಾರೆ. ಎರಡೂ ಒಟ್ಟಿಗೆ ನಡೆದಾಗ ಹರಿಯುವುದು 13 ಆಂಪಿಯರ್, ಬಾಕ್ಸು ತಡೆಯುವುದರ ಎರಡು ಪಟ್ಟಿಗಿಂತ ಹೆಚ್ಚು. ಹಿಂದಿರುವ ಎಂಸಿಬಿ 16 ಆಂಪಿಯರಿನದು. 13 ಎಂಬುದು ಅದರ ಲೆಕ್ಕಕ್ಕೆ ಮಾಮೂಲು, ಆದ್ದರಿಂದ ಅದು ಬೀಳುವುದಿಲ್ಲ. ಬಾಕ್ಸು ಕಾಯುತ್ತದೆ, ಒಳಗಿನ ಹಿತ್ತಾಳೆಯ ಹಿಡಿ ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನೂ ಕಾಯುತ್ತದೆ. ಎಂಸಿಬಿ ರಕ್ಷಿಸುವುದು ಗೋಡೆಯೊಳಗಿನ ವೈರನ್ನು, ಅದರಾಚೆಗೆ ನಾವು ಜೋಡಿಸಿದ ಅಗ್ಗದ ಬಾಕ್ಸನ್ನಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಚಾಳಿ. ಎಂಸಿಬಿ ಪದೇ ಪದೇ ಬೀಳುತ್ತಿದೆ ಎಂದು ಎಲೆಕ್ಟ್ರಿಷಿಯನ್‌ನನ್ನು ಕರೆಸಿದರೆ, ಅವನು 16ರದನ್ನು ತೆಗೆದು 32ರದನ್ನು ಹಾಕಿ ಹೋಗುತ್ತಾನೆ. ವೈರ್ ಮಾತ್ರ ಹಳೆಯದೇ. ಅಲ್ಲಿಂದ ಮುಂದೆ ಎಂಸಿಬಿ ಬೀಳುವ ಮೊದಲೇ ಗೋಡೆಯೊಳಗಿನ ವೈರಿನ ಪ್ಲಾಸ್ಟಿಕ್ ಕರಗುತ್ತದೆ. ಇದನ್ನು ಪರಿಶೀಲನೆಗೆ ಮುಂಚೆಯೇ ಅಂಗಡಿಯವರು ಗುರುತಿಸಬಹುದು: ಸ್ವಿಚ್‌ಬೋರ್ಡ್ ಮುಟ್ಟಿದರೆ ಬೆಚ್ಚಗಿರುತ್ತದೆ, ಪ್ಲಗ್ಗಿನ ಸುತ್ತ ಕಂದುಬಣ್ಣ ಬಂದಿರುತ್ತದೆ, ಓವನ್ ಹಾಕಿದಾಗ ಲೈಟು ಮಂಕಾಗುತ್ತದೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಆಗಾಗ ಬರುತ್ತದೆ. ನೋಟಿಸಿಗೆ ಉತ್ತರವಾಗಿ ಬೇಕಾದದ್ದು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ದುರಸ್ತಿ ಮತ್ತು ಅವರ ಸಹಿಯುಳ್ಳ ಪತ್ರ. ಓವನ್‌ಗೆ ಪ್ರತ್ಯೇಕ ಲೈನು, ಸೋರಿಕೆ ಹಿಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ವೈರಿನ ದಪ್ಪಕ್ಕೆ ಹೊಂದುವ ಎಂಸಿಬಿ ಇದ್ದರೆ ಈ ಅಂಗಡಿಗೆ ಸಾಕು. ಮಂಜೂರಾದ ಲೋಡು 3 ಕಿಲೋವಾಟ್ ಇದ್ದು ಬಳಕೆ ಅದನ್ನು ಮೀರಿದ್ದರೆ ಬೆಸ್ಕಾಂಗೆ ಹೆಚ್ಚುವರಿ ಲೋಡಿನ ಅರ್ಜಿಯೂ ಹೋಗಬೇಕು. ಆರ್‌ಆರ್ ನಂಬರ್ ಮಾಲೀಕರ ಹೆಸರಿನಲ್ಲಿದ್ದರೆ ಅದಕ್ಕೆ ಅವರ ಸಹಿ ಬೇಕಾಗುತ್ತದೆ.

ಇಲ್ಲಿಗೆ ಗಡುವಿನ ಪ್ರಶ್ನೆ ಬರುತ್ತದೆ. ಹದಿನೈದು ದಿನ ಎಂದರೆ ಯಾವತ್ತಿನಿಂದ? ನೋಟಿಸಿನ ವಾಕ್ಯವನ್ನು ಅಕ್ಷರಶಃ ಓದಬೇಕು. ನೋಟಿಸಿನ ದಿನಾಂಕ 3, ಕೈಗೆ ಬಂದದ್ದು 6ನೇ ತಾರೀಕು ಎಂದಿಟ್ಟುಕೊಳ್ಳಿ. ‘ನೋಟಿಸು ತಲುಪಿದ ದಿನಾಂಕದಿಂದ’ ಎಂದಿದ್ದರೆ, ತಲುಪಿದ ದಿನವನ್ನು ಬಿಟ್ಟು 7ನ್ನು ಮೊದಲ ದಿನವೆಂದು ಎಣಿಸಿ 21ಕ್ಕೆ ಗಡುವು. ‘ಈ ನೋಟಿಸಿನ ದಿನಾಂಕದಿಂದ’ ಎಂದಿದ್ದರೆ 18ಕ್ಕೇ ಮುಗಿಯುತ್ತದೆ. ಮೂರು ದಿನದ ವ್ಯತ್ಯಾಸ. ತಲುಪಿದ ದಿನವನ್ನು ಸಾಬೀತುಮಾಡಲು ಸ್ವೀಕೃತಿಯ ಸಹಿಯ ಪಕ್ಕದಲ್ಲಿ ದಿನಾಂಕ ಬರೆಯುವುದು ಅಂಗಡಿಯವರ ಕೈಯಲ್ಲೇ ಇದೆ. ಗಡುವು ಎಷ್ಟು ದಿನ ಎಂಬುದು ಎಲ್ಲ ನೋಟಿಸಿನಲ್ಲೂ ಒಂದೇ ಇರುವುದಿಲ್ಲ, ಕೆಲವು ಸಾಲುಗಳ ಮುಂದೆ ‘ತಕ್ಷಣ’ ಎಂದೇ ಇರಬಹುದು. ಅಪಾಯಕಾರಿ ವಸ್ತುಗಳನ್ನು ತೆರವು ಮಾಡಲು ಹೇಳುವ ಅಧಿಕಾರವನ್ನು 1964ರ ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮದ 13ನೇ ಪ್ರಕರಣ ಕೊಡುತ್ತದೆ. ಹೇಳಿದರೂ ತೆಗೆಯದಿದ್ದರೆ, ಅಹವಾಲಿಗೆ ಅವಕಾಶ ಕೊಟ್ಟು, ಸರಕನ್ನೇ ವಶಪಡಿಸಿಕೊಳ್ಳಬಹುದು.

ಆದ್ದರಿಂದ ಆರು ಸಾಲನ್ನು ಹದಿನೈದು ದಿನಕ್ಕೆ ಹರಡಬಾರದು. ಮೂಟೆ, ಸಿಲಿಂಡರ್, ಬೀಗ ಈ ಮೂರಕ್ಕೆ ಖರ್ಚಿಲ್ಲ, ಯಾರ ಅನುಮತಿಯೂ ಬೇಡ. ಅವು ಅದೇ ರಾತ್ರಿಯ ಕೆಲಸ. ಅಗ್ನಿನಂದಕ, ತರಬೇತಿ, ವಾಣಿಜ್ಯ ಗ್ಯಾಸ್ ಸಂಪರ್ಕದ ಅರ್ಜಿ ಮೊದಲ ವಾರದಲ್ಲಿ ಮುಗಿಯಬಹುದು. ವೈರಿಂಗಿಗೆ ಎರಡನೇ ವಾರ. ಬೆಸ್ಕಾಂ ಲೋಡು ಮಾತ್ರ ಅಂಗಡಿಯವರ ಕೈಯಲ್ಲಿಲ್ಲ. ಅದಕ್ಕೆ ಗಡುವು ಮುಗಿಯುವ ಮುಂಚೆಯೇ, ಅರ್ಜಿಯ ಸ್ವೀಕೃತಿಯ ಪ್ರತಿ ಲಗತ್ತಿಸಿ, ಇಂತಿಷ್ಟು ದಿನ ಬೇಕೆಂದು ಕೇಳುವ ಪತ್ರ ಕೊಡಬೇಕು. ಅಲ್ಲಿಯವರೆಗೆ ಓವನ್ ಮತ್ತು ಕೆಟಲ್ ಒಟ್ಟಿಗೆ ನಡೆಸುವುದಿಲ್ಲ ಎಂದೂ ಬರೆಯಬೇಕು. ಐದು ಸಾಲು ಮುಗಿಸಿ ಉಳಿದ ಒಂದಕ್ಕೆ ಸಮಯ ಕೇಳುವ ಪತ್ರಕ್ಕೂ, ಏನನ್ನೂ ಮಾಡದೆ ಸಮಯ ಕೇಳುವ ಪತ್ರಕ್ಕೂ ಅಧಿಕಾರಿಯ ಮೇಜಿನ ಮೇಲೆ ಒಂದೇ ಬೆಲೆ ಸಿಗುವುದಿಲ್ಲ.

ಅನುಪಾಲನಾ ವರದಿಗೆ ದೊಡ್ಡ ಭಾಷೆ ಬೇಡ. ನೋಟಿಸಿನ ಸಂಖ್ಯೆ, ದಿನಾಂಕ, ಪರವಾನಗಿ ಸಂಖ್ಯೆ ಮೇಲೆ ಬರೆದು, ನೋಟಿಸಿನ ಕ್ರಮದಲ್ಲೇ ಪ್ರತಿ ಸಾಲಿಗೆ ಏನು ಮಾಡಲಾಯಿತು, ಯಾವ ದಿನ ಎಂದು ಒಂದೆರಡು ವಾಕ್ಯ. ಜೊತೆಗೆ ಒಂದೇ ಜಾಗದಿಂದ ತೆಗೆದ ಮುಂಚಿನ ಮತ್ತು ಆಮೇಲಿನ ಫೋಟೋ, ಅಗ್ನಿನಂದಕದ ಬಿಲ್ಲು, ವಿದ್ಯುತ್ ಗುತ್ತಿಗೆದಾರರ ಪತ್ರ. ಎರಡು ಪ್ರತಿ ಮಾಡಿ ಒಂದನ್ನು ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಬಾಯಿಮಾತಿನಲ್ಲಿ “ಎಲ್ಲಾ ಸರಿ ಮಾಡಿಸಿದೀನಿ ಸಾರ್” ಎಂದದ್ದು ಕಡತದಲ್ಲಿ ಇರುವುದಿಲ್ಲ. ಪರವಾನಗಿ ಪ್ರತಿ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ನವೀಕರಣದ ಹೊತ್ತಿನಲ್ಲಿ ಹಳೆಯ ನೋಟಿಸು ಎದ್ದು ಬಂದರೆ ಆ ಸೀಲು ಹಾಕಿದ ಪ್ರತಿಯೇ ಆಧಾರ.

ಬಾಡಿಗೆಗಿರುವ ಅಂಗಡಿಯವರಿಗೆ ಒಂದು ತೊಡಕು ಉಳಿಯುತ್ತದೆ. ಮೆಟ್ಟಿಲು ಕಿರಿದಾಗಿರುವುದು, ಎರಡನೇ ದಾರಿಯೇ ಇಲ್ಲದಿರುವುದು ಕಟ್ಟಡದ ದೋಷ, ಬೇಕರಿಯವರು ಸರಿಪಡಿಸಲಾಗದ್ದು. ನೋಟಿಸಿನಲ್ಲಿ ಅಂಥ ಸಾಲಿದ್ದರೆ ಅದರ ಪ್ರತಿಯನ್ನು ಮಾಲೀಕರಿಗೆ ಪತ್ರದೊಂದಿಗೆ ಕೊಟ್ಟು, ಆ ಪತ್ರದ ನಕಲನ್ನು ವರದಿಗೆ ಸೇರಿಸಬೇಕು. ಬೇಕರಿಯವರು ತಮ್ಮ ಆರು ಸಾಲನ್ನು ಮುಗಿಸಿದರೂ ಕಟ್ಟಡದ ಆ ದೋಷ ಸಕ್ರಮವಾಗುವುದಿಲ್ಲ. ಆದರೆ ಮೆಟ್ಟಿಲು ಕಿರಿದಾಗಿರುವ ಕಟ್ಟಡದಲ್ಲೇ ಅದನ್ನು ಖಾಲಿ ಇಡುವುದು ಹೆಚ್ಚು ಮುಖ್ಯ, ಏಕೆಂದರೆ ಮೇಲಿನ ಮಹಡಿಯವರಿಗೆ ಬೇರೆ ದಾರಿಯೇ ಇಲ್ಲ.

ಬಿಳೇಕಹಳ್ಳಿಯಲ್ಲಾಗಲಿ, ಪಕ್ಕದ ಬಿಟಿಎಂ, ಜೆ.ಪಿ. ನಗರದಲ್ಲಾಗಲಿ ಇಂಥ ನೋಟಿಸು ಕೈಯಲ್ಲಿ ಹಿಡಿದು ಇದನ್ನು ಓದುತ್ತಿರುವವರು ಇದ್ದರೆ, ಅವರಲ್ಲಿ ಒಂದೇ ಕೋರಿಕೆ. ಯಾರಿಗೂ ಫೋನ್ ಮಾಡುವ ಮುಂಚೆ, ಈ ರಾತ್ರಿ ಶಟರ್ ಎಳೆಯುವ ಮುಂಚೆ, ಮೆಟ್ಟಿಲ ಮೇಲಿನ ಮೂಟೆಗಳನ್ನೂ ಮೆಟ್ಟಿಲ ಕೆಳಗಿನ ಸಿಲಿಂಡರುಗಳನ್ನೂ ಅಲ್ಲಿಂದ ತೆಗೆಯಿರಿ. ಉಳಿದ ಸಾಲುಗಳಿಗೆ ಗಡುವಿನವರೆಗೆ ಸಮಯವಿದೆ.